ಪಂಪಿನ ಹಿಡಿಕೆ ಯಾವ ಸ್ಲೈಡಿಗೆ? 31 ಸ್ಲೈಡುಗಳ ಜಾಗ ಬದಲಿಸಿದ ಹತ್ತು ದಿನ

ನಿನ್ನೆ ಸೆಮಿನಾರ್ ಮುಗಿಯಿತು. ನಾನು ಕಮ್ಯುನಿಟಿ ಮೆಡಿಸಿನ್ ಎರಡನೇ ವರ್ಷದ ಪಿಜಿ. ನನಗೆ ಬಂದ ವಿಷಯ, 1854ರಲ್ಲಿ ಲಂಡನ್ನಿನ ಸೋಹೋದಲ್ಲಿ ಹಬ್ಬಿದ ಕಾಲರಾ ಮತ್ತು ಅಲ್ಲಿನ ವೈದ್ಯ ಜಾನ್ ಸ್ನೋ ಮಾಡಿದ ತನಿಖೆ. ನಮ್ಮ ಓದಿನವರಿಗೆಲ್ಲ ಗೊತ್ತಿರುವ ಕತೆ. ಅದಕ್ಕೇ ಸುಲಭ ಅಂದುಕೊಂಡು 31 ಸ್ಲೈಡ್ ಮಾಡಿ, ಇಸವಿ ಪ್ರಕಾರ ಜೋಡಿಸಿ, ಗೈಡ್ ಮೇಡಂಗೆ ತೋರಿಸಿದ್ದೆ.

ಮೇಡಂ ಹನ್ನೆರಡನೇ ಸ್ಲೈಡಿನವರೆಗೆ ಸುಮ್ನೆ ನೋಡಿದರು. ಆಮೇಲೆ ಕನ್ನಡಕ ತೆಗೆದು, "ಏನಪ್ಪಾ ಇದು, ಪಂಚಾಂಗ ಓದಿದ ಹಾಗಿದೆ. 1831ರಲ್ಲಿ ಇದಾಯಿತು, 1849ರಲ್ಲಿ ಅದಾಯಿತು. ಸ್ನೋಗೆ ಇದ್ದ ಸಮಸ್ಯೆ ಏನು, ಅವನು ಅದನ್ನು ಬಿಡಿಸಿದ್ದು ಹೇಗೆ, ಅದನ್ನು ಹೇಳು" ಅಂದರು. ನಾನು ತಲೆಯಾಡಿಸಿ ಏಳುವಷ್ಟರಲ್ಲಿ ಇನ್ನೊಂದು ಮಾತು ಬಂತು. "ಆದರೆ ಒಂದು ಅಂಕಿಯೂ ಬಿಟ್ಟು ಹೋಗಕೂಡದು. ಎಲ್ಲವೂ ಹ್ಯಾಂಡೌಟ್‌ನಲ್ಲಿ ಪ್ರಿಂಟಾಗಿದೆ, ಎಚ್‌ಒಡಿ ಸರ್ ಒಂದೊಂದನ್ನೇ ಹಿಡಿದು ಕೇಳುತ್ತಾರೆ."

ಸ್ಲೈಡುಗಳನ್ನು ಎಳೆದು ಆ ಕಡೆ ಈ ಕಡೆ ಹಾಕಿದರೆ ಸಂಜೆಯೊಳಗೆ ಮುಗಿಯುತ್ತದೆ ಅಂದುಕೊಂಡೆ. ಹತ್ತು ದಿನ ಹಿಡಿಯಿತು. ಮುಂದೆ ಯಾರಿಗಾದರೂ ಇದೇ ಕೆಲಸ ಬಂದರೆ ನಾನು ಎಡವಿದ ಕಡೆ ಅವರು ಎಡವುವುದು ಬೇಡ ಅಂತ ಬರೆಯುತ್ತಿದ್ದೇನೆ.

ಮೊದಲ ಸಂಜೆ ಮಾಡಿದ್ದು ಹೀಗೆ. ಪವರ್‌ಪಾಯಿಂಟಿನಲ್ಲಿ `Slide Sorter` ತೆರೆದೆ. ಬಲಗಡೆಯ ಬಟನ್ ಒತ್ತಿ `Add Section` ಕೊಟ್ಟು ಮೂರು ಭಾಗ ಮಾಡಿದೆ: ಸಮಸ್ಯೆ, ಪರಿಹಾರ, ಫಲಿತಾಂಶ. ಸಮಸ್ಯೆಗೆ ಕಾಲರಾದ ಸಾವುಗಳು ಹೋದವು. ಪರಿಹಾರಕ್ಕೆ, ಕಾಲರಾ ಹಬ್ಬಿಸಿದ್ದು ಇದರ ನೀರೇ ಅಂತ ಸ್ನೋ ಗುರುತಿಸಿದ ಬ್ರಾಡ್ ಸ್ಟ್ರೀಟಿನ ಕೈಪಂಪಿನ ಹಿಡಿಕೆ ತೆಗೆಸಿದ ಸ್ಲೈಡ್ ಹೋಯಿತು. ಫಲಿತಾಂಶಕ್ಕೆ, ಸಾವು ಇಳಿದ ಗ್ರಾಫ್. ನೋಡುವುದಕ್ಕೆ ಎಷ್ಟು ಚೆನ್ನಾಗಿತ್ತು ಅಂದರೆ ರೂಮ್‌ಮೇಟ್‌ಗೂ ಕರೆದು ತೋರಿಸಿದೆ. ಅವನು, "ಲೋ, ಮುಗೀತಲ್ಲೋ, ಚಾ ಕುಡಿಯೋಣ ಬಾ" ಅಂದ. ಕುಡಿದೂ ಬಂದೆವು.

ರಾತ್ರಿ ಒಂದು ಸಲ ಒಬ್ಬನೇ ಹೇಳಿಕೊಳ್ಳುತ್ತಾ ಹೋದಾಗ ಗ್ರಾಫ್ ಹತ್ತಿರ ನಾಲಿಗೆ ತಡವರಿಸಿತು. ಹಿಡಿಕೆ ತೆಗೆದದ್ದು 1854ರ ಸೆಪ್ಟೆಂಬರ್ 8. ಗ್ರಾಫಿನಲ್ಲಿ ಏನಿದೆ? ಆಗಸ್ಟ್ 31ಕ್ಕೆ 56 ಮಂದಿಗೆ ಕಾಯಿಲೆ ಶುರುವಾಗಿದೆ. ಸೆಪ್ಟೆಂಬರ್ 1ಕ್ಕೆ 143, ಮಾರನೇ ದಿನ 116. ಆಮೇಲೆ 54, 46, 36, 20, 28. ಹಿಡಿಕೆ ತೆಗೆದ ದಿನ ಬರೀ 12. ಇಳಿಜಾರು ಹಿಡಿಕೆಗೂ ಐದಾರು ದಿನ ಮೊದಲೇ ಶುರುವಾಗಿದೆ. ಜನ ಮನೆ ಬಿಟ್ಟು ಓಡಿಹೋಗಿದ್ದರು. ನೀರು ನಿಲ್ಲಿಸುವ ಹೊತ್ತಿಗೆ ಕಾಯಿಲೆ ಆಗಲೇ ತುಂಬಾ ಇಳಿದಿತ್ತು ಅಂತ ಸ್ನೋ ತಾನೇ ಬರೆದಿದ್ದಾನೆ.

ನಾನು ಒಂದು ಅಂಕಿಯನ್ನೂ ತಿದ್ದಿರಲಿಲ್ಲ, ಒಂದನ್ನೂ ಬಿಟ್ಟಿರಲಿಲ್ಲ. ಆದರೂ ನನ್ನ ಪಿಪಿಟಿ ಸುಳ್ಳು ಹೇಳುತ್ತಿತ್ತು. ಹಳೇ ಜೋಡಣೆಯಲ್ಲಿ ಗ್ರಾಫ್ 15ನೇ ಸ್ಲೈಡ್, ಹಿಡಿಕೆ 20ನೇದು. ಇಳಿತ ಮೊದಲು, ಹಿಡಿಕೆ ಆಮೇಲೆ ಅನ್ನುವುದನ್ನು ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ, ಸ್ಲೈಡಿನ ಜಾಗವೇ ಹೇಳುತ್ತಿತ್ತು. ಜಾಗ ಬದಲಿಸಿದಾಗ ಆ ಮಾಹಿತಿ ಹೋಯಿತು. ಯಾವ ಸ್ಲೈಡಿನ ಮೇಲೂ ಅದು ಬರೆದಿರಲಿಲ್ಲವಲ್ಲ, ಹಾಗಾಗಿ ಹೋದದ್ದೂ ಗೊತ್ತಾಗಲಿಲ್ಲ.

ಮಾರನೇ ದಿನ ಮೇಡಂ ಸಿಗಲಿಲ್ಲ, ಪಿಎಚ್‌ಸಿಗೆ ಹೋಗಿದ್ದರು. ಅದರ ಮಾರನೇ ದಿನ ಎರಡು ಗಂಟೆ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಆ ಕಾಯುವಿಕೆಯಲ್ಲೇ ಒಂದು ಒಳ್ಳೆಯ ಕೆಲಸ ಆಯಿತು, ಎಕ್ಸೆಲ್‌ನಲ್ಲಿ ಲೆಕ್ಕದ ಪಟ್ಟಿ ಶುರು ಮಾಡಿದೆ. ಒಂದು ಅಂಕಿಗೆ ಒಂದು ಸಾಲು. ಕಾಲಂಗಳು: ಅಂಕಿ, ಅದು ಯಾವುದರ ಲೆಕ್ಕ, ಯಾವ ದಿನಾಂಕದ್ದು, ಹಳೇ ಸ್ಲೈಡ್, ಹೊಸ ಸ್ಲೈಡ್. ದಿನವಹಿ ಕೋಷ್ಟಕವನ್ನು ಮಾತ್ರ ಒಂದೇ ಸಾಲು ಮಾಡಿ, ಪಕ್ಕದಲ್ಲಿ ಅದರ ಒಟ್ಟು ಮೊತ್ತ ಬರೆದೆ. ಎಲ್ಲ ಸೇರಿ 74 ಸಾಲು. ಈ ಪಟ್ಟಿಯನ್ನು ಸ್ಲೈಡ್ ಮುಟ್ಟುವುದಕ್ಕೆ ಮೊದಲೇ ಮಾಡಬೇಕಿತ್ತು. ನಾನು ಆಮೇಲೆ ಮಾಡಿದ್ದರಿಂದ ಹಳೇ ಫೈಲ್ ಮತ್ತೆ ತೆಗೆದು ಕೂರಬೇಕಾಯಿತು. ಬೇರೆ ಹೆಸರಲ್ಲಿ ಸೇವ್ ಮಾಡಿದ್ದೆ, ಪುಣ್ಯ.

"ಯಾವುದರ ಲೆಕ್ಕ" ಅನ್ನುವ ಕಾಲಂ ಯಾಕೆ ಬೇಕು ಅಂದರೆ, ನನ್ನ ಸ್ಲೈಡುಗಳಲ್ಲಿ 45 ಅನ್ನುವ ಅಂಕಿ ಮೂರು ಕಡೆ ಇತ್ತು. ಸೆಪ್ಟೆಂಬರ್ 5ರಂದು ಸತ್ತವರು 45. ಸ್ನೋ 1858ರಲ್ಲಿ ತೀರಿಕೊಂಡಾಗ ಅವನ ವಯಸ್ಸು 45. ಮೂರನೆಯದರ ಕತೆ ಈಗ ಹೇಳುತ್ತೇನೆ. `Ctrl+F` ಒತ್ತಿ 45 ಹುಡುಕಿ, ಸಿಕ್ಕಿತು ಅಂತ ಟಿಕ್ ಹಾಕಿದ್ದರೆ ಮೂರರಲ್ಲಿ ಎರಡು ಕಳೆದುಹೋದರೂ ತಿಳಿಯುತ್ತಿರಲಿಲ್ಲ.

ಹಳೇ 14ನೇ ಸ್ಲೈಡಿನಲ್ಲಿ ಸ್ನೋನ ಪುಸ್ತಕದ ದಿನವಹಿ ಕೋಷ್ಟಕ ಇತ್ತು. ಯಾವ ದಿನ ಎಷ್ಟು ಮಂದಿಗೆ ಕಾಯಿಲೆ ಶುರುವಾಯಿತು, ಎಷ್ಟು ಮಂದಿ ಸತ್ತರು ಅನ್ನುವ ಲೆಕ್ಕ. 15ನೇದು ಅದೇ ಕೋಷ್ಟಕದ ಗ್ರಾಫ್. ಹೊಸ ಜೋಡಣೆಯಲ್ಲಿ ಎರಡು ಯಾಕೆ, ಗ್ರಾಫ್ ಒಂದು ಸಾಕಲ್ವಾ ಅಂತ ಕೋಷ್ಟಕ ಅಳಿಸಲು ಹೊರಟಿದ್ದೆ. ಅಳಿಸುವ ಮುಂಚೆ ಗ್ರಾಫಿನ ಮೇಲೆ `Edit Data` ಒತ್ತಿ ಕೂಡಿಸಿ ನೋಡಿದೆ. ಸಾವಿನ ಕಾಲಂ 616 ಬಂತು, ಸರಿ. ಕಾಯಿಲೆ ಶುರುವಾದ ಕಾಲಂ 571. ಸ್ನೋ ಅದಕ್ಕೂ 616 ಅಂತಲೇ ಕೊಟ್ಟಿದ್ದಾನೆ, ಯಾಕೆಂದರೆ ಅದು ಸತ್ತವರದ್ದೇ ಕಾಯಿಲೆಯ ಲೆಕ್ಕ. 45 ಎಲ್ಲಿ ಹೋಯಿತು?

ಮೂರು ಸಲ ಕೂಡಿದೆ. ಆಮೇಲೆ ಕೋಷ್ಟಕದ ಕೊನೇ ಸಾಲಿಗೆ ಕಣ್ಣು ಹೋಯಿತು: ದಿನ ಗೊತ್ತಿಲ್ಲ, 45. ಇಷ್ಟು ಜನ ಸತ್ತ ದಿನ ದಾಖಲೆಯಲ್ಲಿದೆ, ಕಾಯಿಲೆ ಹಿಡಿದ ದಿನ ಇಲ್ಲ. ಗ್ರಾಫಿನ ಕೆಳಗಿನ ಗೆರೆಯಲ್ಲಿ ಇರುವುದು ದಿನಾಂಕ. ದಿನಾಂಕ ಇಲ್ಲದವರಿಗೆ ಅಲ್ಲಿ ಕೂರುವುದಕ್ಕೆ ಜಾಗವೇ ಇಲ್ಲ. ಅಂದರೆ ಇಸವಿ ಪ್ರಕಾರ ಜೋಡಿಸಿದ್ದ ಹಳೇ ಪಿಪಿಟಿಯಲ್ಲೇ ಗ್ರಾಫ್ ಅವರನ್ನು ಬಿಟ್ಟಿತ್ತು. ಪಕ್ಕದಲ್ಲಿ ಕೋಷ್ಟಕ ಇದ್ದುದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಕೋಷ್ಟಕ ಅಳಿಸಿದ್ದರೆ ಆ 45 ಮಂದಿ ಪೂರ್ತಿ ಮಾಯ. ಈಗ ಗ್ರಾಫಿನ ಬಲತುದಿಯಲ್ಲಿ, ಒಂದಿಷ್ಟು ಖಾಲಿ ಬಿಟ್ಟು, ಬೂದು ಬಣ್ಣದ ಒಂದು ಕಂಬ ನಿಲ್ಲಿಸಿದ್ದೇನೆ, "ದಿನ ಗೊತ್ತಿಲ್ಲ" ಅಂತ ಬರೆದು.

ಮೇಡಂ ಕೊನೆಗೂ ಒಳಗೆ ಕರೆದರು. ಹಿಡಿಕೆ ಮತ್ತು ಗ್ರಾಫಿನ ಗೊಂದಲ ಹೇಳಿದೆ. ಅವರು ನಕ್ಕು, "ಸಮಸ್ಯೆಯನ್ನೇ ತಪ್ಪು ಆರಿಸಿಕೊಂಡಿದ್ದೀಯ. ಸಾವು ನಿಲ್ಲಿಸೋದು ಪ್ಯಾರಿಷ್‌ನವರ, ಅಂದರೆ ಅಲ್ಲಿನ ಸ್ಥಳೀಯ ಆಡಳಿತದವರ ಸಮಸ್ಯೆ. ಸ್ನೋನ ಸಮಸ್ಯೆ ಬೇರೆ. ಕೆಟ್ಟ ಗಾಳಿಯಿಂದ ಕಾಲರಾ ಬರುತ್ತೆ ಅಂತ ಎಲ್ಲರೂ ನಂಬಿರುವಾಗ, ನೀರಿನಿಂದ ಅಂತ ತೋರಿಸೋದು ಹೇಗೆ? ಅದು ಅವನ ಸಮಸ್ಯೆ" ಅಂದರು.

ಇಷ್ಟು ಹೇಳಿದ್ದೇ ತಡ, ಎಲ್ಲ ತಾನಾಗಿ ಕೂತುಕೊಳ್ಳತೊಡಗಿತು. ಅಲ್ಲಿಯವರೆಗೆ ಯಾವ ಭಾಗಕ್ಕೂ ಸೇರದೆ ನೇತಾಡುತ್ತಿದ್ದ ಸ್ಲೈಡುಗಳಿಗೆ ಜಾಗ ಸಿಕ್ಕಿತು. ಪಂಪಿನ ಹತ್ತಿರ ಬಡವರನ್ನು ಇರಿಸುತ್ತಿದ್ದ ವರ್ಕ್‌ಹೌಸಿನಲ್ಲಿ 535 ಜನ ಇದ್ದರು, ಕಾಲರಾದಿಂದ ಸತ್ತವರು 5. ಅಲ್ಲಿ ಅವರದ್ದೇ ಬಾವಿ ಇತ್ತು. ಬ್ರೂವರಿಯ 70ಕ್ಕೂ ಹೆಚ್ಚು ಕೆಲಸಗಾರರಲ್ಲಿ ಒಬ್ಬರೂ ಸಾಯಲಿಲ್ಲ, ಅವರು ಕುಡಿಯುತ್ತಿದ್ದದ್ದು ಬಿಯರ್. ಅದೇ ಬೀದಿಯ ಬಂದೂಕಿನ ಕ್ಯಾಪ್ ಮಾಡುವ ಕಾರ್ಖಾನೆಯಲ್ಲಿ ಸುಮಾರು 200 ಕೆಲಸಗಾರರು. ಅಲ್ಲಿ ತೊಟ್ಟಿಗಳಲ್ಲಿ ಪಂಪಿನ ನೀರು ತುಂಬಿಡುತ್ತಿದ್ದರು, 18 ಮಂದಿ ಸತ್ತರು. ಹಳೇ ಜೋಡಣೆಯಲ್ಲಿ ಇವು ಕತೆಯ ನಡುವೆ ಬರುವ ಸ್ವಾರಸ್ಯ ಅಷ್ಟೇ. ಈಗ ಒಂದೇ ಗಾಳಿ, ಬೇರೆ ಬೇರೆ ನೀರು ಅನ್ನುವ ವಾದಕ್ಕೆ ಸಾಕ್ಷಿಗಳು. ಹ್ಯಾಂಪ್‌ಸ್ಟೆಡ್‌ನಲ್ಲಿದ್ದ ಒಬ್ಬ ವಿಧವೆಯ ಕತೆ ಇದಕ್ಕೆ ತಿರುಗುಮುರುಗು. ಆಕೆ ಇದ್ದದ್ದು ಮೈಲಿಗಟ್ಟಲೆ ದೂರ. ಬ್ರಾಡ್ ಸ್ಟ್ರೀಟಿನ ನೀರಿನ ರುಚಿ ಇಷ್ಟ ಅಂತ ಬಾಟಲಿಯಲ್ಲಿ ತರಿಸಿಕೊಂಡು ಕುಡಿದು ತೀರಿಕೊಂಡರು. ಬೇರೆ ಗಾಳಿ, ಅದೇ ನೀರು.

ಜಾಸ್ತಿ ಲಾಭ ಆದದ್ದು ದಕ್ಷಿಣ ಲಂಡನ್ನಿನ ಲೆಕ್ಕಕ್ಕೆ. ಹಳೇ ಫೈಲಿನಲ್ಲಿ ಇದು ಮೂರು ತುಂಡಾಗಿ ದೂರ ದೂರ ಇತ್ತು. 8ನೇ ಸ್ಲೈಡ್: 1849ರಲ್ಲಿ ಎರಡೂ ನೀರಿನ ಕಂಪನಿಗಳು ಥೇಮ್ಸ್‌ನ ಕೊಳಕು ಭಾಗದಿಂದಲೇ ನೀರು ಎತ್ತುತ್ತಿದ್ದವು. 10ನೇದು: 1852ರಲ್ಲಿ ಲ್ಯಾಂಬೆತ್ ಕಂಪನಿ ನದಿಯ ಮೇಲ್ಭಾಗಕ್ಕೆ, ಥೇಮ್ಸ್ ಡಿಟನ್‌ಗೆ ಹೋಯಿತು. 22ನೇದು: 1854ರ ಸಾವುಗಳ ಕೋಷ್ಟಕ. ನಡುವೆ ಹತ್ತು ಹನ್ನೆರಡು ಸ್ಲೈಡ್ ದಾಟುವಷ್ಟರಲ್ಲಿ ಕೇಳುವವರು ಮೊದಲಿನದನ್ನು ಮರೆತಿರುತ್ತಾರೆ. ಈಗ ಮೂರೂ ಒಂದರ ಹಿಂದೆ ಒಂದು. ಒಂದೇ ಬೀದಿಯಲ್ಲಿ ಒಂದು ಮನೆಗೆ ಈ ಕಂಪನಿಯ ನಲ್ಲಿ, ಪಕ್ಕದ ಮನೆಗೆ ಆ ಕಂಪನಿಯದು. ಸದರ್ಕ್ ಅಂಡ್ ವಾಕ್ಸ್‌ಹಾಲ್ ಕಂಪನಿಯ 40,046 ಮನೆಗಳಲ್ಲಿ 1,263 ಸಾವು, ಅಂದರೆ 10,000 ಮನೆಗೆ 315. ಲ್ಯಾಂಬೆತ್‌ನ 26,107 ಮನೆಗಳಲ್ಲಿ 98 ಸಾವು, 10,000ಕ್ಕೆ 37.

ಅದೇ ಕೋಷ್ಟಕದ ಮೂರನೇ ಸಾಲಿನಲ್ಲಿ ಇನ್ನೊಂದು ಗಂಟು ಸಿಕ್ಕಿತು. ಉಳಿದ ಲಂಡನ್: 2,56,423 ಮನೆ, 1,422 ಸಾವು, 10,000ಕ್ಕೆ 59 ಅಂತ ಸ್ನೋ ಕೊಟ್ಟಿದ್ದಾನೆ. ಎಕ್ಸೆಲ್‌ನಲ್ಲಿ ಭಾಗಿಸಿದರೆ ಬರುವುದು 55. ಅವನ ಲೆಕ್ಕ ತಪ್ಪೋ, ಅಚ್ಚಿನ ತಪ್ಪೋ, ಯಾವುದೋ ಒಂದು. ತಿದ್ದಬೇಕಾ ಬೇಡವಾ ಅಂತ ಒಂದು ರಾತ್ರಿ ಕಳೆದೆ. ಮೂಲದ ಅಂಕಿ ಉಳಿಸಬೇಕು ಅನ್ನುವುದು ಮೇಡಂ ಶರತ್ತು, ತಪ್ಪು ಲೆಕ್ಕ ತೋರಿಸಿದರೆ ಸರ್ ಬಿಡುವುದಿಲ್ಲ. ಕೊನೆಗೆ 59 ಹಾಗೇ ಬಿಟ್ಟು, ಕೆಳಗೆ ಸಣ್ಣ ಅಕ್ಷರದಲ್ಲಿ "ಮೂಲದಲ್ಲಿ ಹೀಗಿದೆ, ಭಾಗಿಸಿದರೆ 55" ಅಂತ ಹಾಕಿದೆ. ಪಟ್ಟಿಯಲ್ಲೂ ಅದಕ್ಕೆ ಎರಡು ಸಾಲು ಮಾಡಿದೆ. 74 ಈಗ 75.

ಇನ್ನು 89 ಮತ್ತು 83. ಸೆಪ್ಟೆಂಬರ್ 2ಕ್ಕೆ ಮುಗಿದ ವಾರದಲ್ಲಿ ಪಂಪಿನ ಸುತ್ತಲಿನ ಮೂರು ವಿಭಾಗಗಳಲ್ಲಿ ದಾಖಲಾದ ಕಾಲರಾ ಸಾವು 89. ಅದರಲ್ಲಿ 6 ವಾರದ ಮೊದಲ ನಾಲ್ಕು ದಿನದವು. ಗುರುವಾರ 4, ಶುಕ್ರವಾರ ಶನಿವಾರ ಸೇರಿ 79. ಸ್ನೋ ಮನೆ ಮನೆಗೆ ಹೋಗಿ ವಿಚಾರಿಸಿದ್ದು ಈ ಕೊನೆಯ 83ರ ಬಗ್ಗೆ. ದಿನದ ಕ್ರಮದಲ್ಲಿ ಹೇಳುವಾಗ ಇದು ತಾನಾಗಿ ಅರ್ಥವಾಗುತ್ತಿತ್ತು. ಹೊಸ ಜೋಡಣೆಯಲ್ಲಿ 89 ಸಮಸ್ಯೆಯ ಭಾಗಕ್ಕೆ ಹೋಯಿತು, 83 ಪರಿಹಾರಕ್ಕೆ. ನಡುವೆ ಏಳು ಸ್ಲೈಡ್. ಪ್ರಾಕ್ಟೀಸ್ ಮಾಡುವಾಗ ಜೂನಿಯರ್ ಒಬ್ಬಳು, "ಸರ್, ಆಗ 89 ಅಂದ್ರಿ, ಈಗ 83 ಅಂತೀರಲ್ಲಾ?" ಅಂತ ಕೇಳಿಯೇಬಿಟ್ಟಳು. ಈಗ 83ರ ಸ್ಲೈಡಿನ ತಲೆಯಲ್ಲೇ "89 − 6 = 83" ಅಂತ ಇದೆ. ಅದರ ಕೆಳಗೆ 83 ಒಡೆಯುತ್ತದೆ: 73 ಸಾವು ಈ ಪಂಪಿಗೆ ಹತ್ತಿರದ ಮನೆಗಳಲ್ಲಿ, 10 ಬೇರೆ ಪಂಪಿಗೆ ಹತ್ತಿರದಲ್ಲಿ. ಆ 10ರಲ್ಲಿ 5 ಕುಟುಂಬ ಇಲ್ಲಿಂದಲೇ ನೀರು ತರಿಸುತ್ತಿದ್ದವು, 3 ಮಕ್ಕಳು ಈ ಪಂಪಿನ ಹತ್ತಿರದ ಶಾಲೆಗೆ ಹೋಗುತ್ತಿದ್ದವರು. ಉಳಿದ 2ಕ್ಕೆ ಸಂಬಂಧ ಸಿಕ್ಕಿಲ್ಲ. 73ರಲ್ಲಿ 61 ಮಂದಿ ಪಂಪಿನ ನೀರು ಕುಡಿದವರು. 6 ಮಂದಿಯ ವಿಷಯ ತಿಳಿಯಲಿಲ್ಲ, 6 ಮಂದಿ ಕುಡಿದಿರಲಿಲ್ಲ ಅಂತ ಮನೆಯವರು ಹೇಳಿದ್ದಾರೆ. ವಾದಕ್ಕೆ ಒಗ್ಗದ ಈ 6, 6, 2 ಮೇಲೆ ಕತ್ತರಿ ಆಡಿಸುವ ಆಸೆ ನನಗೂ ಆಯಿತು. ಪಟ್ಟಿಯಲ್ಲಿ ಸಾಲು ಖಾಲಿ ಕಾಣುತ್ತದೆ, ಅದೊಂದೇ ಭಯಕ್ಕೆ ಬಿಟ್ಟೆ.

ಐದನೇ ದಿನ ಸ್ಕ್ರೀನ್ ನೋಡಿ ನೋಡಿ ಕಣ್ಣು ಉರಿಯತೊಡಗಿತು. ಜೆರಾಕ್ಸ್ ಅಂಗಡಿಯಲ್ಲಿ ಒಂದು ಹಾಳೆಗೆ ನಾಲ್ಕರಂತೆ ಪ್ರಿಂಟ್ ತೆಗೆಸಿದೆ. 8 ಹಾಳೆ, 24 ರೂಪಾಯಿ. ಕತ್ತರಿಸಿ ಹಾಸ್ಟೆಲ್ ರೂಮಿನ ನೆಲದ ಮೇಲೆ ಹರಡಿದೆ. ಫ್ಯಾನ್ ಆರಿಸಿ ಕೂತುಕೊಳ್ಳಿ. ನಾನು ಆರಿಸದೆ ಒಮ್ಮೆ ಎಲ್ಲಾ ಮಂಚದ ಕೆಳಗೆ ಹಾರಿಹೋಯಿತು. ಚೀಟಿಗಳ ಹಿಂದೆ ಹಳೇ ನಂಬರ್ ಬರೆದಿದ್ದರಿಂದ ಉಳಿದುಕೊಂಡೆ.

ನೆಲದ ಮೇಲೆ ನೋಡುವಾಗಲೇ ಹಿಡಿಕೆಯ ಸ್ಲೈಡಿಗೆ ಜಾಗ ಸಿಕ್ಕಿತು. ಅದು ಪರಿಹಾರವೂ ಅಲ್ಲ, ಫಲಿತಾಂಶವೂ ಅಲ್ಲ. ಸಾಕ್ಷಿ ನಂಬಿ ಪ್ಯಾರಿಷ್‌ನವರು ತೆಗೆದುಕೊಂಡ ಒಂದು ಕ್ರಮ. ಅದಕ್ಕೊಂದು ಬೇರೆ ಭಾಗ ಮಾಡಿದೆ. ಇಳಿಯುವ ಗ್ರಾಫ್ ಮೊದಲ ಭಾಗಕ್ಕೆ, ಸಮಸ್ಯೆಗೇ ಹೋಯಿತು. ಅದರ ಮೇಲೆ ಸೆಪ್ಟೆಂಬರ್ 8ಕ್ಕೆ ಒಂದು ಕೆಂಪು ಗೆರೆ ಎಳೆದೆ. ಹಿಡಿಕೆಯ ಮಾತು ಬರುವ ಮೊದಲೇ ಎಲ್ಲರೂ ಅದನ್ನು ನೋಡಿರುತ್ತಾರೆ. "ಫಲಿತಾಂಶ" ಅನ್ನುವ ಭಾಗ ತೆಗೆದು "ಉಳಿದ ಅನುಮಾನ" ಅಂತ ಮಾಡಿದೆ.

ಪ್ರತಿ ಸ್ಲೈಡಿನ ಬಲಮೂಲೆಯಲ್ಲಿ ದಿನಾಂಕದ ಪಟ್ಟಿಯೊಂದನ್ನೂ ಅಂಟಿಸಿದೆ. ಇದು ಎಷ್ಟು ಮುಖ್ಯ ಅಂತ ಗೊತ್ತಾದದ್ದು ವೈಟ್‌ಹೆಡ್ ಸ್ಲೈಡಿನಿಂದ. ಬ್ರಾಡ್ ಸ್ಟ್ರೀಟಿನ 40ನೇ ನಂಬರಿನ ಮನೆಯ ಕೂಸಿಗೆ ಮೊದಲು ಭೇದಿ ಹಿಡಿದಿತ್ತು, ಅದರ ಬಟ್ಟೆ ತೊಳೆದ ನೀರು ಹೋಗುತ್ತಿದ್ದ ಗುಂಡಿ ಆ ಪಂಪಿನ ಬಾವಿಯಿಂದ ಕೆಲವೇ ಅಡಿ ದೂರ ಇತ್ತು. ಇದನ್ನು ಹುಡುಕಿದವನು ಪಾದ್ರಿ ಹೆನ್ರಿ ವೈಟ್‌ಹೆಡ್, 1855ರಲ್ಲಿ. ಕಾರಣ ತಾನೇ ಅಂತ ಸಮಸ್ಯೆಯ ಭಾಗದಲ್ಲಿ ಹಾಕಿದ್ದೆ. ದಿನಾಂಕ ಇಲ್ಲದೆ ನೋಡಿದರೆ, ಸ್ನೋಗೆ ಮೊದಲೇ ಇದೆಲ್ಲ ಗೊತ್ತಿತ್ತೇನೋ ಅನ್ನಿಸುತ್ತಿತ್ತು.

ಪುಟ್ಟ ತೊಂದರೆಗಳೂ ಇದ್ದವು. ಸ್ಲೈಡ್ ಎಳೆದರೆ ಅದರ ನೋಟ್ಸ್ ಜೊತೆಯಲ್ಲೇ ಬರುತ್ತದೆ, ಕ್ಲಿಕ್ ಮಾಡುವ ಲಿಂಕೂ ಸರಿಯಾದ ಸ್ಲೈಡಿಗೇ ಹೋಗುತ್ತದೆ. ಆದರೆ ಕೈಯಾರೆ ಟೈಪ್ ಮಾಡಿದ "ಸ್ಲೈಡ್ 9 ನೋಡಿ", "ಹಿಂದಿನ ಸ್ಲೈಡಿನಲ್ಲಿ ನೋಡಿದಂತೆ" ಇಂಥವು ಹಾಗೇ ಕೂತಿರುತ್ತವೆ. ನನ್ನಲ್ಲಿ 9 ಇದ್ದವು, ಅದರಲ್ಲಿ 4 ನೋಟ್ಸ್‌ನಲ್ಲಿ. `Notes Pages` ಪ್ರಿಂಟ್ ತೆಗೆದು ಓದಿದ ಮೇಲೇ ಸಿಕ್ಕಿದ್ದು. ಅದಕ್ಕೆ ಇನ್ನೊಂದು 93 ರೂಪಾಯಿ, ಸ್ಲೈಡಿಗೊಂದು ಹಾಳೆ.

ಕೊನೆಗೆ ಎಲ್ಲೂ ಸೇರದೆ ಉಳಿದವು: 1831ರಲ್ಲಿ ಕಾಲರಾ ಇಂಗ್ಲೆಂಡಿನ ಸಂಡರ್‌ಲೆಂಡ್‌ಗೆ ಬಂದದ್ದು, 1858ರಲ್ಲಿ ಸ್ನೋ ತೀರಿಕೊಂಡದ್ದು, 1884ರಲ್ಲಿ ಜರ್ಮನಿಯ ವಿಜ್ಞಾನಿ ರಾಬರ್ಟ್ ಕೋಖ್ ಕಲ್ಕತ್ತದಲ್ಲಿ ಕಾಲರಾದ ಬ್ಯಾಕ್ಟೀರಿಯಾ ಬೆಳೆಸಿ ತೋರಿಸಿದ್ದು. ಅವನ್ನು "ಧನ್ಯವಾದಗಳು" ಸ್ಲೈಡಿನ ಹಿಂದೆ ತಳ್ಳಿ, ಪಟ್ಟಿಯಲ್ಲಿ ಟಿಕ್ ಹಾಕಿದೆ. ಮೇಡಂಗೆ ಅದು ಕಂಡುಹೋಯಿತು. "ಇದು ಉಳಿಸಿದ್ದಲ್ಲ, ಬಚ್ಚಿಟ್ಟಿದ್ದು. ಅಲ್ಲಿಗೆ ನೀನು ಹೋಗೋದೇ ಇಲ್ಲವಲ್ಲ" ಅಂದರು. ಸಮಸ್ಯೆ ಶುರುವಾಗುವ ಮೊದಲು ಒಂದೇ ಒಂದು ಸ್ಲೈಡ್ ಹಾಕಿದೆವು. ಒಂದು ಅಡ್ಡಗೆರೆ, ಅದರ ಮೇಲೆ ಎಲ್ಲಾ ಇಸವಿಗಳು. ನನ್ನ ಹಳೇ ಪಂಚಾಂಗ ಅಲ್ಲಿ ಮಡಚಿಕೊಂಡು ಕೂತಿದೆ.

ಸೆಮಿನಾರಿನಲ್ಲಿ ಸರ್ ಕೇಳಿದ ಮೊದಲ ಪ್ರಶ್ನೆ, "ಹಿಡಿಕೆ ತೆಗೆದಿದ್ದಕ್ಕೇ ತಾನೇ ಇಳಿದದ್ದು?" ನಾನು ಗ್ರಾಫಿಗೆ ವಾಪಸ್ ಹೋಗಿ ಕೆಂಪು ಗೆರೆ ತೋರಿಸಿದೆ. ಸರ್ ಗೆರೆ ನೋಡಲಿಲ್ಲ. ಬಲತುದಿಯ ಬೂದು ಕಂಬದ ಕಡೆ ಬೆರಳು ಮಾಡಿ, "ಈ 45 ಯಾರಪ್ಪಾ?" ಅಂದರು.